ಎಂಟಿಂಚಿನ ವೂಫರ್‌ಗೆ ಎಷ್ಟು ದೊಡ್ಡ ಬಾಕ್ಸ್?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ನಮ್ಮ ಮೂವರಲ್ಲೊಬ್ಬನ ಚಿಕ್ಕಪ್ಪ ಮರಗೆಲಸ ಮಾಡ್ತಾರೆ. ಬಾಗಿಲು, ಕಿಟಕಿ, ಮಂಚದ ಜೊತೆಗೆ ಈಗೆರಡು ವರ್ಷದಿಂದ ಸ್ಪೀಕರ್ ಬಾಕ್ಸ್‌ಗಳನ್ನೂ ಮಾಡಿಕೊಡ್ತಿದ್ದಾರೆ. ಅವರ ಹತ್ತಿರ ಒಂದು ಅಳತೆಯ ಚೀಟಿ ಇದೆ: 8 ಇಂಚಿನ ವೂಫರ್ ಬಂದರೆ ಇಷ್ಟು, 10 ಇಂಚು ಬಂದರೆ ಇಷ್ಟು. ವೂಫರ್ ಯಾವ ಕಂಪನಿಯದ್ದು, ಅದರ ಗುಣ ಏನು ಅಂತ ಯಾರೂ ಕೇಳೋದಿಲ್ಲ. ಮುಂದಿನ ಹಲಗೆಯಲ್ಲಿ ವೂಫರ್‌ಗೆ ಒಂದು ತೂತು, ಅದರ ಕೆಳಗೆ "ಬೇಸ್ ಬರಲಿ" ಅಂತ ಇನ್ನೊಂದು ತೂತು, ಅಷ್ಟೇ.

ಹೋದ ಸೆಮಿಸ್ಟರ್ ರಜೆಯಲ್ಲಿ ಒಬ್ಬ ಗಿರಾಕಿ ಹರಿದ ವೂಫರ್ ಹಿಡಿದು ವಾಪಸ್ ಬಂದರು. ಅದು ಎರಡನೆಯದು. ಮೊದಲನೆಯದು ಹರಿದಾಗ ಆಂಪ್ಲಿಫೈಯರ್ ಜಾಸ್ತಿ ಆಯಿತು ಅಂದುಕೊಂಡಿದ್ದರು. ಈ ಸಲ ಆಂಪ್ಲಿಫೈಯರ್ ಬದಲಾಗಿತ್ತು, ಬಾಕ್ಸ್ ಮಾತ್ರ ಅದೇ. ಮೂರನೆಯ ವೂಫರನ್ನು ಚಿಕ್ಕಪ್ಪನೇ ಕೈಯಿಂದ ದುಡ್ಡು ಹಾಕಿ ತರಿಸಿದರು. "ಇದೂ ಹರುದ್ರೆ ಬಾಕ್ಸ್ ಕೆಲ್ಸಾನೇ ಬುಟ್ಬುಡ್ತೀನಿ ಕಣ್ರಪ್ಪ" ಅಂದರು. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಮೆಕ್ಯಾನಿಕಲ್. ನಾವು ಮೂವರೂ ಅವರ ಕೊಟ್ಟಿಗೆಯಲ್ಲಿ ನಾಲ್ಕು ದಿನ ಕೂತಿದ್ದು ಈ ಕಾರಣಕ್ಕೆ.

ಹಳೆಯ ಬಾಕ್ಸ್ ಯಾಕೆ ವೂಫರ್ ಹರಿಯುತ್ತಿತ್ತು ಅನ್ನೋದು ತಿಳಿಯಬೇಕಾದರೆ ಆ ಕೆಳಗಿನ ತೂತಿನ ಕೆಲಸ ಏನು ಅಂತ ತಿಳಿಯಬೇಕು. ನಲ್ಲಿಯ ಕೆಳಗೆ ಕೊಡ ಇಟ್ಟು ನೀರು ಬಿಟ್ಟರೆ, ಕೊಡ ತುಂಬುತ್ತಾ ಬಂದಂತೆ ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ಮನೆಯವರು ಒಳಗೆ ಅಡುಗೆ ಮಾಡ್ತಾ ಇದ್ದೇ "ತುಂಬ್ತು, ನಿಲ್ಸು" ಅಂತಾರಲ್ಲ, ಆ ಲೆಕ್ಕ ಇದು. ಕೊಡದ ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗ್. ಕೊಡದ ಕತ್ತಿನಲ್ಲಿರುವ ಗಾಳಿ ಆ ಸ್ಪ್ರಿಂಗಿನ ಮೇಲೆ ಕೂತ ಒಂದು ತೂಕ. ಹೊಟ್ಟೆಯ ಗಾಳಿ ಕಡಿಮೆಯಾದರೆ ಸ್ಪ್ರಿಂಗ್ ಬಿಗಿಯಾಗಿ ಸ್ವರ ಏರುತ್ತದೆ. ಕತ್ತು ಉದ್ದವಾದರೆ ತೂಕ ಹೆಚ್ಚಿ ಸ್ವರ ಇಳಿಯುತ್ತದೆ. ಇದನ್ನು ಹೆಲ್ಮ್‌ಹೋಲ್ಟ್ಜ್ ಅನುರಣನ ಅಂತ ಕರೀತಾರೆ. ಘಟ ನುಡಿಸುವವರು ಮಡಕೆಯ ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ಮಂದ್ರದ ಸದ್ದನ್ನು ಬದಲಿಸೋದೂ ಇದೇ ಗಾಳಿಯ ಮೇಲೆ.

ಸ್ಪೀಕರ್ ಬಾಕ್ಸಿನಲ್ಲಿ ಡಬ್ಬದ ಗಾಳಿ ಸ್ಪ್ರಿಂಗ್, ತೂತಿನ ಅಥವಾ ಪೈಪಿನ ಗಾಳಿ ತೂಕ. ಇವೆರಡೂ ಸೇರಿ ಒಂದು ಆವರ್ತನದಲ್ಲಿ ಜೋರಾಗಿ ತೂಗುತ್ತವೆ. ಅದಕ್ಕೆ ಬಾಕ್ಸಿನ ಟ್ಯೂನಿಂಗ್ ಅಂತ ಹೆಸರು. ಆ ಆವರ್ತನದಲ್ಲಿ ವೂಫರಿನ ಕೋನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಸದ್ದೆಲ್ಲ ಪೈಪಿನಿಂದ ಬರುತ್ತದೆ. ಅದಕ್ಕಿಂತ ಮೇಲಿನ ಸ್ವರಗಳಲ್ಲಿ ಡಬ್ಬದ ಗಾಳಿ ಕೋನನ್ನು ಹಿಡಿದುಕೊಂಡಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮಾತ್ರ ಹಿಡಿತ ತಪ್ಪುತ್ತದೆ. ಕೋನ್ ಒಳಗೆ ಹೋದಾಗ ಗಾಳಿ ಪೈಪಿನಿಂದ ಸುಮ್ಮನೆ ಹೊರಗೆ ಬರುತ್ತದೆ, ಹೊರಗೆ ಬಂದಾಗ ಒಳಗೆ ಹೋಗುತ್ತದೆ. ಎರಡೂ ಸದ್ದು ಒಂದನ್ನೊಂದು ಅಳಿಸುತ್ತವೆ. ಕೋನ್‌ಗೆ ತಡೆಯೇ ಇಲ್ಲ, ಬಟ್ಟೆ ಒಣಗಲು ಹಾಕಿದಂತೆ ಪಟಪಟ ಹೊಡೆದುಕೊಳ್ಳುತ್ತದೆ, ಆದರೆ ಸದ್ದು ಬರೋದಿಲ್ಲ.

ಈಗ ಹಳೆಯ ಬಾಕ್ಸನ್ನು ಅಳೆದು ನೋಡಿದೆವು. ಒಳಗಿನ ಗಾಳಿ 20 ಲೀಟರ್. ತೂತಿನ ವ್ಯಾಸ 7.5 ಸೆಂ.ಮೀ. ಪೈಪ್ ಇಲ್ಲ, 18 ಮಿ.ಮೀ. ಪ್ಲೈವುಡ್ಡಿನ ದಪ್ಪವೇ ಅದರ ಉದ್ದ. ಲೆಕ್ಕ ಹಾಕಿದರೆ ಟ್ಯೂನಿಂಗ್ ಸುಮಾರು 90 ಹರ್ಟ್ಜ್ ಬಂತು. ಇಂದಿನ ಸಿನಿಮಾ ಹಾಡಿನ ಬೇಸ್ ಇರೋದೇ 45ರಿಂದ 80 ಹರ್ಟ್ಜ್ ನಡುವೆ. ಅಂದ್ರೆ ಆ ಬೇಸ್ ಪೂರ್ತಿ ಹಿಡಿತ ತಪ್ಪುವ ಜಾಗದಲ್ಲೇ ಬೀಳುತ್ತಿತ್ತು. 90ರ ಸುತ್ತ ಮಾತ್ರ "ಧಂ ಧಂ" ಅಂತ ಒಂದೇ ಸ್ವರ ಕೇಳುತ್ತಿತ್ತು. ಕೆಳಗಿನದು ಕೇಳಲಿಲ್ಲ ಅಂತ ಗಿರಾಕಿ ಬೇಸ್ ನಾಬ್ ತಿರುಗಿಸಿದರು, ಕೋನ್ ಇನ್ನಷ್ಟು ಹಾರಿತು, ಹರಿಯಿತು. ವೂಫರ್ ಕೆಟ್ಟದ್ದಾಗಿರಲಿಲ್ಲ.

ಇಂಥ ಡಬ್ಬಕ್ಕೆ ಅಮೆರಿಕದ ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥೂರಾಸ್ 1932ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಮೂವತ್ತು ವರ್ಷ ಜನ ಅದನ್ನು ಕಟ್ಟಿದ್ದು ಬಹುಪಾಲು ಕಿವಿಯ ಅಂದಾಜಿನ ಮೇಲೆ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಈ ಡಬ್ಬವನ್ನು ಒಂದು ಹೈಪಾಸ್ ಫಿಲ್ಟರ್ ಅಂತ ನೋಡಿದರು. ನಾವು ನೆಟ್‌ವರ್ಕ್ಸ್ ಪೇಪರಿನಲ್ಲಿ ಓದುವ ಬಟರ್‌ವರ್ತ್, ಚೆಬಿಶೇವ್ ಫಿಲ್ಟರುಗಳ ಗಣಿತ ಇಲ್ಲಿಗೂ ಹೊಂದುತ್ತದೆ ಅಂತ ತೋರಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ವೂಫರಿನ ಚೀಟಿಯಲ್ಲಿ ಈಗ ಬರುವ ಅಂಕಿಗಳಿಗೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತ ಹೆಸರಿರೋದು ಅದಕ್ಕೇ.

ಅದರಲ್ಲಿ ನಮಗೆ ಬೇಕಾದ್ದು ಮೂರೇ ಮೂರು. ಎಫ್‌ಎಸ್ ಅಂದ್ರೆ ಡಬ್ಬವಿಲ್ಲದೆ ವೂಫರ್ ತಾನಾಗಿ ತೂಗುವ ಆವರ್ತನ. ವಿಎಎಸ್ ಅಂದ್ರೆ ಕೋನನ್ನು ಹಿಡಿದಿರುವ ರಬ್ಬರ್, ಸ್ಪೈಡರುಗಳಷ್ಟೇ ಬಿಗಿ ಇರುವ ಗಾಳಿಯ ಗಾತ್ರ, ಲೀಟರಿನಲ್ಲಿ. ಕ್ಯೂಟಿಎಸ್ ಅಂದ್ರೆ ತಟ್ಟಿದ ಕೋನ್ ಎಷ್ಟು ಬೇಗ ಸುಮ್ಮನಾಗುತ್ತದೆ ಅನ್ನೋದರ ಅಳತೆ. ಅಯಸ್ಕಾಂತ ಬಲವಾಗಿದ್ದಷ್ಟೂ ಈ ಅಂಕಿ ಸಣ್ಣದು. ಹೊಸ ವೂಫರಿನ ಚೀಟಿಯಲ್ಲಿ ಎಫ್‌ಎಸ್ 40 ಹರ್ಟ್ಜ್, ವಿಎಎಸ್ 40 ಲೀಟರ್, ಕ್ಯೂಟಿಎಸ್ 0.35 ಅಂತಿತ್ತು. ಈ ಮೂರನ್ನು ಸಾಮಾನ್ಯ ಕ್ಯಾಲ್ಕುಲೇಟರಿನಲ್ಲೇ ಹಾಕಬಹುದಾದ ಸೂತ್ರಗಳು ಇವು:

```
Vb = 15 * Vas * Qts^2.87     = 29.5 L
Fb = 0.42 * Fs * Qts^(-0.9)  = 43.2 Hz
F3 = 0.26 * Fs * Qts^(-1.4)  = 45.2 Hz
```

ಮೊದಲ ಸಾಲು ಡಬ್ಬದ ಗಾತ್ರ, ಎರಡನೆಯದು ಟ್ಯೂನಿಂಗ್, ಮೂರನೆಯದು ಸದ್ದು 3 ಡೆಸಿಬೆಲ್ ಇಳಿಯುವ ಜಾಗ. ಎಲ್ಲ ಡಬ್ಬದಲ್ಲೂ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ ಅಂತ ಹಿಡಿದೇ ಈ ಸೂತ್ರಗಳನ್ನು ಕಟ್ಟಿದ್ದಾರೆ. ಕ್ಯೂಟಿಎಸ್ 0.3, 0.4ರ ಆಸುಪಾಸಿನಲ್ಲಿದ್ದಾಗ ಇವು ಚೆನ್ನಾಗಿ ಹೊಂದುತ್ತವೆ. 0.5 ದಾಟಿದ ವೂಫರ್ ಆದರೆ ಪೈಪಿನ ಆಸೆ ಬಿಟ್ಟು ಪೂರ್ತಿ ಮುಚ್ಚಿದ ಡಬ್ಬ ಮಾಡೋದೇ ವಾಸಿ. ನಾವು 30 ಲೀಟರ್, 43 ಹರ್ಟ್ಜ್ ಅಂತ ದುಂಡಗೆ ಮಾಡಿಕೊಂಡೆವು.

"ಎಂಟಿಂಚು ಅಂದ್ರೆ ಎಂಟಿಂಚೇ, ಅದ್ರಲ್ಲೇನ್ ಲೆಕ್ಕ?" ಅಂತ ಚಿಕ್ಕಪ್ಪ ಕೇಳಿದ್ದು ಇಲ್ಲೇ. ಅದೇ ಸೂತ್ರದಲ್ಲಿ ಕ್ಯೂಟಿಎಸ್ ಒಂದನ್ನು ಮಾತ್ರ 0.35ರಿಂದ 0.40ಕ್ಕೆ ಏರಿಸಿ ತೋರಿಸಿದೆವು. ಡಬ್ಬ 29.5ರಿಂದ 43 ಲೀಟರಿಗೆ ಹಾರಿತು. ಎರಡೂ 8 ಇಂಚೇ. ಅವರು ಅಳತೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟು, "ಹಂಗಾರೆ ನೀವೇ ಹೇಳಿ, ಹಲಗೆ ಎಷ್ಟಕ್ಕೆ ಕೊಯ್ಲಿ?" ಅಂದರು.

ಹಲಗೆ ಕೊಯ್ಯುವ ಅಳತೆಗೆ 30 ಲೀಟರ್ ಸಾಕಾಗೋದಿಲ್ಲ. 30 ಅನ್ನೋದು ಒಳಗೆ ಉಳಿಯಬೇಕಾದ ಗಾಳಿ. ವೂಫರಿನ ಅಯಸ್ಕಾಂತ, ಬುಟ್ಟಿ ಎಲ್ಲ ಸೇರಿ 1.2 ಲೀಟರ್ ಜಾಗ ತಿನ್ನುತ್ತವೆ. ಪೈಪಿನ ಒಳಭಾಗಕ್ಕೆ 0.6 ಲೀಟರ್. ಗೋಡೆ ಅದುರದ ಹಾಗೆ ನಡುವೆ ಕೊಡುವ ಕಿಟಕಿ ಚೌಕಟ್ಟಿನಂಥ ಹಲಗೆ, ಮೂಲೆಯ ರೀಪುಗಳಿಗೆ 1 ಲೀಟರ್. ಒಟ್ಟು 32.8. ಅಗಲ 25, ಆಳ 29, ಎತ್ತರ 45.3 ಸೆಂ.ಮೀ. ಇಟ್ಟರೆ ಅಷ್ಟು ಬರುತ್ತದೆ. ಇವು ಒಳ ಅಳತೆಗಳು. ಚಿಕ್ಕಪ್ಪನ ಕೈ ಯಾವಾಗಲೂ ಹೊರ ಅಳತೆಗೇ ಹೋಗುವುದರಿಂದ, ಪ್ರತಿ ಅಳತೆಗೂ ಎರಡು ಹಲಗೆಯ ದಪ್ಪ, ಅಂದ್ರೆ 3.6 ಸೆಂ.ಮೀ., ಸೇರಿಸಿ ಇಂಚು, ಸೂತಿಗೆ ಬದಲಿಸಿ ಕೊಟ್ಟೆವು. ಈ 3.6 ಮರೆತು 32.8 ಲೀಟರನ್ನು ಹೊರ ಅಳತೆಗೆ ಹಿಡಿದರೆ ಒಳಗೆ ಉಳಿಯೋದು ಸುಮಾರು 23 ಲೀಟರ್ ಮಾತ್ರ.

ಇನ್ನು ಪೈಪು. ಊರಲ್ಲಿ ಅದಕ್ಕೆ ಬರವಿಲ್ಲ. ಹೊಲದ ಬೋರಿನಿಂದ ಎಳೆದ ಪಿವಿಸಿಯ ಚೂರುಗಳು ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತವೆ. ನಮಗೆ 63, 75, 90, 110 ಮಿ.ಮೀ. ನಾಲ್ಕೂ ಸಿಕ್ಕವು. ಗಮನಿಸಬೇಕಾದ್ದು ಏನಂದ್ರೆ, ಪಿವಿಸಿ ಪೈಪಿನ ಮೇಲೆ ಬರೆದಿರೋದು ಹೊರ ವ್ಯಾಸ. ಸೂತ್ರಕ್ಕೆ ಬೇಕಾದ್ದು ಒಳ ವ್ಯಾಸ. ಪೈಪಿನ ಒತ್ತಡದ ದರ್ಜೆ ಹೆಚ್ಚಿದ್ದಷ್ಟೂ ಗೋಡೆ ದಪ್ಪ, ಒಳಗೆ ಸಣ್ಣ. ವರ್ನಿಯರ್‌ನಲ್ಲಿ ಅಳೆದಾಗ ನಮ್ಮ ಚೂರುಗಳ ಒಳ ವ್ಯಾಸ 5.9, 7, 8.5, 10.5 ಸೆಂ.ಮೀ. ಇತ್ತು. ಸೆಂಟಿಮೀಟರ್, ಲೀಟರುಗಳಲ್ಲಿ ಸೂತ್ರ ಹೀಗಿದೆ, 75ರ ಪೈಪಿಗೆ ಹಾಕಿದ್ದೇವೆ:

```
L = 23562.5 * D^2 / (Fb^2 * Vb) - 0.732 * D
  = 23562.5 * 49 / (1849 * 30) - 5.1
  = 20.8 - 5.1 = 15.7 cm
```

ಕೊನೆಯಲ್ಲಿ ಕಳೆಯುವ 5.1 ಯಾಕೆ ಅಂದ್ರೆ, ಪೈಪಿನ ಎರಡೂ ತುದಿಯಾಚೆಗಿರುವ ಒಂದಿಷ್ಟು ಗಾಳಿಯೂ ಪೈಪಿನ ಗಾಳಿಯ ಜೊತೆಗೇ ತೂಗುತ್ತದೆ. ಪೈಪು ಇರೋದಕ್ಕಿಂತ ಉದ್ದವಾಗಿ ವರ್ತಿಸುತ್ತದೆ. ಅಷ್ಟನ್ನು ಮೊದಲೇ ಕಳೆದುಬಿಡಬೇಕು. 0.732 ಅನ್ನೋ ಅಂಕಿ ಒಂದು ತುದಿ ಹಲಗೆಗೆ ಸಮವಾಗಿ, ಇನ್ನೊಂದು ತುದಿ ಡಬ್ಬದೊಳಗೆ ಬಯಲಾಗಿ ಇದ್ದಾಗ ಹೊಂದುತ್ತದೆ.

ಇದೇ ಸೂತ್ರಕ್ಕೆ ಬೇರೆ ಪೈಪು ಹಾಕಿದರೆ ಆಯ್ಕೆ ತಾನಾಗೇ ಮುಗಿಯಿತು. 110ರ ಪೈಪಿಗೆ 39 ಸೆಂ.ಮೀ. ಉದ್ದ ಬೇಕು, ನಮ್ಮ ಡಬ್ಬದ ಆಳವೇ 29. 90ರ ಪೈಪಿಗೆ 24.5 ಬೇಕು, ಒಳಗೆ ಕೂರುತ್ತದೆ, ಆದರೆ ಹಿಂದಿನ ಹಲಗೆಗೆ 6 ಸೆಂ.ಮೀ. ಚಿಲ್ಲರೆ ಮಾತ್ರ ಉಳಿಯುತ್ತದೆ. ಪೈಪಿನ ಹಿಂದೆ ಕಡಿಮೆ ಅಂದರೂ ಅದರ ವ್ಯಾಸದಷ್ಟು ಜಾಗ ಬೇಕು, ಇಲ್ಲದಿದ್ದರೆ ಗಾಳಿಗೆ ಉಸಿರು ಕಟ್ಟುತ್ತದೆ. 63ರ ಪೈಪಿಗೆ 10.5 ಸಾಕು, ಜಾಗಕ್ಕೆ ತೊಂದರೆಯೇ ಇಲ್ಲ. ಅದರ ತೊಂದರೆ ಬೇರೆ. ಸಣ್ಣ ಪೈಪಿನಲ್ಲಿ ಅಷ್ಟೇ ಗಾಳಿ ಹೋಗಬೇಕಾದರೆ ವೇಗ ಹೆಚ್ಚಬೇಕು. ಸೆಕೆಂಡಿಗೆ 17 ಮೀಟರ್ ಸುಮಾರಿಗೆ ಬಂದರೆ "ಬುಸ್ ಬುಸ್" ಅನ್ನೋ ಸದ್ದು ಹಾಡಿನ ಜೊತೆ ಸೇರುತ್ತದೆ. ಕೋನಿನ ವಿಸ್ತಾರ 210 ಚದರ ಸೆಂ.ಮೀ., ಅದು ಒಂದು ಕಡೆಗೆ 4 ಮಿ.ಮೀ. ಚಲಿಸಬಲ್ಲದು ಅಂತ ಹಿಡಿದು ಸ್ಮಾಲ್ ಕೊಟ್ಟ ಕನಿಷ್ಠ ವ್ಯಾಸದ ಲೆಕ್ಕ ಮಾಡಿದಾಗ 7.3 ಸೆಂ.ಮೀ. ಬಂತು. 7 ಅದಕ್ಕೆ ಹತ್ತಿರ, 5.9 ದೂರ. ಹಾಗಾಗಿ 75ರ ಪೈಪೇ ಉಳಿಯಿತು. ಅದರ ಎರಡೂ ಬಾಯಿಯ ಅಂಚನ್ನು ಅರ, ಉಪ್ಪುಕಾಗದದಿಂದ ದುಂಡಗೆ ಮಾಡಿದೆವು. ಚೂಪಾದ ಅಂಚಿನಲ್ಲಿ ಬುಸುಗುಟ್ಟೋದು ಇನ್ನೂ ಬೇಗ ಶುರುವಾಗುತ್ತದೆ.

ಲೆಕ್ಕ 15.7 ಅಂದಿದ್ದರೂ ನಾವು ಕೊಯ್ದದ್ದು 18 ಸೆಂ.ಮೀ. ಪೈಪನ್ನು ಆಮೇಲೆ ಕಡಿಮೆ ಮಾಡಬಹುದು, ಬೆಳೆಸೋಕಾಗಲ್ಲ. ಅದೂ ಅಲ್ಲದೆ ಒಳಗೋಡೆಗೆ ಒಂದು ಇಂಚು ದಪ್ಪದ ಹತ್ತಿ ಹಾಸು ಅಂಟಿಸಿದ್ದೆವು. ಹತ್ತಿ ಇದ್ದಾಗ ಡಬ್ಬ ತನಗಿಂತ ಸ್ವಲ್ಪ ದೊಡ್ಡದರ ಹಾಗೆ ವರ್ತಿಸುತ್ತದೆ, ಟ್ಯೂನಿಂಗ್ ಕೊಂಚ ಇಳಿಯುತ್ತದೆ. ಎಷ್ಟು ಅನ್ನೋದನ್ನು ಅಳೆದೇ ನೋಡಬೇಕು.

ಅಳೆಯೋದಕ್ಕೆ ದುಬಾರಿ ಸಾಮಾನು ಏನೂ ಬೇಡ. ಲ್ಯಾಪ್‌ಟಾಪಿನಲ್ಲಿ ಸೈನ್ ತರಂಗ ಕೊಡುವ ಯಾವುದಾದರೂ ಟೋನ್ ಜನರೇಟರ್, ಒಂದು ಆಂಪ್ಲಿಫೈಯರ್, 1 ಕಿಲೋ ಓಮ್ ರೆಸಿಸ್ಟರ್, ಮಿಲಿವೋಲ್ಟ್ ಎಸಿ ತೋರಿಸುವ ಮಲ್ಟಿಮೀಟರ್. ಇದಿಷ್ಟನ್ನು ಲ್ಯಾಬಿನ ರಿಜಿಸ್ಟರಿನಲ್ಲಿ ಬರೆದುಕೊಟ್ಟು ತಂದಿದ್ದೆವು. ಆಂಪ್ಲಿಫೈಯರಿನಿಂದ 5 ವೋಲ್ಟ್ ಕೊಟ್ಟು, ರೆಸಿಸ್ಟರನ್ನು ವೂಫರಿನ ಜೊತೆ ಸರಣಿಯಲ್ಲಿ ಹಾಕಿ, ವೂಫರಿನ ಎರಡು ತುದಿಗೆ ಮೀಟರ್ ಇಡಬೇಕು. ರೆಸಿಸ್ಟರ್ ಅಷ್ಟು ದೊಡ್ಡದಾದ್ದರಿಂದ ಕರೆಂಟ್ ಸುಮಾರು 5 ಮಿಲಿಆಂಪಿಯರಿಗೆ ನಿಂತಿರುತ್ತದೆ. ಆಗ ಮೀಟರ್ ತೋರಿಸುವ ಮಿಲಿವೋಲ್ಟ್ ಅಂದ್ರೆ ಇಂಪೀಡೆನ್ಸಿನ ನೆರಳು. ವೂಫರನ್ನು ಬರಿಗಾಳಿಯಲ್ಲಿ ಹಿಡಿದು 20 ಹರ್ಟ್ಜ್‌ನಿಂದ ಮೇಲೇರುತ್ತಾ ಹೋದರೆ ಒಂದೇ ಗುಡ್ಡ ಕಾಣುತ್ತದೆ, ಅದರ ನೆತ್ತಿಯೇ ಎಫ್‌ಎಸ್. ನಮಗೆ 41 ಬಂತು, ಚೀಟಿಯ 40ಕ್ಕೆ ಹತ್ತಿರ. ಇದು ತುಂಬಾ ದೂರ ಇದ್ದಿದ್ದರೆ ಚೀಟಿಯನ್ನು ನಂಬಿ ಹಲಗೆ ಕೊಯ್ಯುತ್ತಿರಲಿಲ್ಲ.

ವೂಫರನ್ನು ಡಬ್ಬಕ್ಕೆ ಕೂರಿಸಿದ ಮೇಲೆ ಒಂದು ಗುಡ್ಡದ ಜಾಗದಲ್ಲಿ ಎರಡು ಗುಡ್ಡ, ನಡುವೆ ಒಂದು ಕಣಿವೆ. ಕಣಿವೆಯ ತಳ ಎಲ್ಲಿದೆಯೋ ಅದೇ ಟ್ಯೂನಿಂಗ್. ಮೀಟರಿನ ಅಂಕಿ ತೀರಾ ನಿಖರ ಇಲ್ಲದಿದ್ದರೂ ಪರವಾಗಿಲ್ಲ, ಎಲ್ಲಿ ತೀರಾ ಕೆಳಗಿಳಿಯಿತು ಅನ್ನೋದಷ್ಟೇ ಬೇಕು. 18 ಸೆಂ.ಮೀ. ಪೈಪಿನಲ್ಲಿ ಲೆಕ್ಕದ ಪ್ರಕಾರ 40.8 ಬರಬೇಕಿತ್ತು, ಬಂದದ್ದು 39.5. ಹತ್ತಿಯ ಪರಿಣಾಮ, ತುದಿಯ ಗಾಳಿಯ ಅಂದಾಜಿನ ವ್ಯತ್ಯಾಸ ಎಲ್ಲ ಸೇರಿ ಅಷ್ಟು.

ಇಲ್ಲಿಂದ ಮುಂದೆ ಮೂಲ ಸೂತ್ರಕ್ಕೆ ಹೋಗಬೇಕಿಲ್ಲ, ಈ ಅಳತೆಯೇ ನಮ್ಮ ಸೂತ್ರ. ಆವರ್ತನದ ವರ್ಗಕ್ಕೆ ಪೈಪಿನ ಪರಿಣಾಮಕಾರಿ ಉದ್ದ ವಿಲೋಮವಾಗಿರುತ್ತದೆ. ಈಗಿನ ಪರಿಣಾಮಕಾರಿ ಉದ್ದ 18 + 5.1, ಅಂದ್ರೆ 23.1. ಅದನ್ನು (39.5/43)ರ ವರ್ಗದಿಂದ, ಅಂದ್ರೆ 0.844ರಿಂದ, ಗುಣಿಸಿದರೆ 19.5. ಅದರಲ್ಲಿ 5.1 ಕಳೆದರೆ 14.4 ಸೆಂ.ಮೀ. ಒಂದೇ ಸಲ ಕೊಯ್ಯದೆ ಮೊದಲು 15.5ಕ್ಕೆ ತಂದು ಅಳೆದೆವು, ಕಣಿವೆ 42ರ ಹತ್ತಿರ ಬಂತು. ಆಮೇಲೆ 14.4. ಕಣಿವೆ 43ಕ್ಕೆ ಬಂದು ನಿಂತಿತು. ಎರಡು ಗುಡ್ಡಗಳು 24 ಮತ್ತು 71 ಹರ್ಟ್ಜ್‌ನಲ್ಲಿದ್ದವು. ಅವೆರಡನ್ನು ಗುಣಿಸಿ ಕಣಿವೆಯಿಂದ ಭಾಗಿಸಿದರೆ ವೂಫರಿನ ಎಫ್‌ಎಸ್ ಮತ್ತೆ ಸಿಗಬೇಕು. 24 × 71 / 43 ಅಂದ್ರೆ 39.6. ಅಳತೆ ತನ್ನ ಸಾಕ್ಷಿಯನ್ನು ತಾನೇ ಹೇಳಿತು.

ಸೋರಿಕೆ ಇದ್ದರೆ ಇದೇ ಚಿತ್ರದಲ್ಲಿ ಸುಳಿವು ಸಿಗುತ್ತದೆ: ಗುಡ್ಡಗಳು ಕುಗ್ಗುತ್ತವೆ, ಕಣಿವೆ ಮೇಲಕ್ಕೇಳುತ್ತದೆ. ಎಲ್ಲಿ ಸೋರುತ್ತಿದೆ ಅಂತ ಹುಡುಕೋಕೆ 43 ಹರ್ಟ್ಜ್ ಸ್ವರ ಬಿಟ್ಟು ಊದುಬತ್ತಿ ಹಿಡಿದು ಕೂಡುಜಾಗಗಳ ಉದ್ದಕ್ಕೂ ನಡೆದೆವು. ಹೊಗೆ ಎಲ್ಲಿ ನಡುಗಿತೋ ಅಲ್ಲಿ ಗಾಳಿ. ಹಿಂದಿನ ಹಲಗೆಯ ಒಂದು ಮೂಲೆಯಲ್ಲಿ, ವೈರ್ ಹೊರಬರುವ ಜಾಗದಲ್ಲಿ ನಡುಗಿತು. ಮರದ ಅಂಟು, ಮರದ ಹೊಟ್ಟು ಕಲಸಿ ಮುಚ್ಚಿದೆವು.

ಚಿಕ್ಕಪ್ಪನಿಗೆ ಗ್ರಾಫ್ ಹಿಡಿಸಲಿಲ್ಲ. ಅವರು ಕೋನ್ ನೋಡಬೇಕು ಅಂದರು. 70 ಹರ್ಟ್ಜ್ ಕೊಟ್ಟಾಗ ಕೋನ್ ಅದುರುತ್ತಿರೋದು ಕಣ್ಣಿಗೇ ಕಾಣುತ್ತಿತ್ತು. ಸ್ವರ ಇಳಿಸುತ್ತಾ 43ಕ್ಕೆ ಬಂದಾಗ ಕೋನ್ ಹೆಚ್ಚುಕಡಿಮೆ ನಿಂತಿತು, ಕೊಟ್ಟಿಗೆಯ ತಗಡು ಮಾತ್ರ ನಡುಗುತ್ತಿತ್ತು. "ಸದ್ದು ಎಲ್ಲಿಂದ್ಲಾ ಬತ್ತಾ ಅದೆ?" ಅಂದರು. ಪೈಪಿನ ಬಾಯಿಗೆ ಅಂಗೈ ಇಡಲು ಹೇಳಿದೆವು. ಗಾಳಿ ತಾಗಿತು. ಆಮೇಲೆ ವಾಲ್ಯೂಮ್ ತಗ್ಗಿಸಿ 25 ಹರ್ಟ್ಜ್‌ಗೆ ಇಳಿಸಿದೆವು. ಅಷ್ಟು ಕಡಿಮೆ ವಾಲ್ಯೂಮಿನಲ್ಲೂ ಕೋನ್ ಹಾರಾಡುತ್ತಿತ್ತು, ಸದ್ದು ಮಾತ್ರ ಇಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಮೂಲೆಯಲ್ಲಿದ್ದ ಹರಿದ ವೂಫರಿನ ಕಡೆ ತಿರುಗಿ, "ಹಂಗಾರೆ ಅದು ಹಿಂಗೇ ಹೋಗಿರದು" ಅಂದರು. ಹೌದು, ಅವರ ಹಳೆಯ ಡಬ್ಬದಲ್ಲಿ 90ರ ಕೆಳಗಿನದೆಲ್ಲ ಹೀಗೇ ಆಗುತ್ತಿತ್ತು.

ಹೊಸ ಡಬ್ಬದಲ್ಲೂ ಆ ಅಪಾಯ ಪೂರ್ತಿ ಹೋಗಿಲ್ಲ, 43ರ ಕೆಳಗೆ ಸರಿದಿದೆ ಅಷ್ಟೇ. ಅಲ್ಲಿಂದ ಕೆಳಗೆ ಸದ್ದು ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಬೀಳುತ್ತದೆ, ಬೇಸ್ ನಾಬ್ ಎಷ್ಟು ತಿರುಗಿಸಿದರೂ ಅದು ವಾಪಸ್ ಬರೋದಿಲ್ಲ. ಹಾಗಾಗಿ ಗಿರಾಕಿಯ ಆಂಪ್ಲಿಫೈಯರಿನ ಮುಂದೆ 35 ಹರ್ಟ್ಜ್‌ಗಿಂತ ಕೆಳಗಿನದನ್ನು ತಡೆಯುವ ಒಂದು ಸಣ್ಣ ಹೈಪಾಸ್ ಸರ್ಕ್ಯೂಟ್ ಮಾಡಿ ಕೊಟ್ಟೆವು. ಹಾಡಿನಲ್ಲಿ ಅಲ್ಲಿ ಹೆಚ್ಚೇನೂ ಇರೋದಿಲ್ಲ, ಆದರೆ ಮೈಕ್ ಬಿದ್ದ ಸದ್ದು, ಗಾಳಿ ಊದಿದ ಸದ್ದು ಇರುತ್ತವೆ, ಕೋನ್ ಹರಿಯೋಕೆ ಅವೇ ಸಾಕು.

ಬಾಕ್ಸ್ ಗಿರಾಕಿಯ ಮನೆಗೆ ಹೋಗಿ ಒಂದು ಸೆಮಿಸ್ಟರ್ ಕಳೆಯಿತು, ವೂಫರ್ ಇನ್ನೂ ಚೆನ್ನಾಗಿದೆ. ಚಿಕ್ಕಪ್ಪ ಈಗ ಬಾಕ್ಸ್ ಕೇಳಿಕೊಂಡು ಬಂದವರಿಗೆ ಎಷ್ಟಿಂಚು ಅಂತ ಕೇಳೋ ಮೊದಲು "ಅದ್ರ ಚೀಟಿ ಐತಾ?" ಅಂತಾರೆ. ಚೀಟಿಯ ಮೂರು ಅಂಕಿಗಳ ಫೋಟೋ ನಮಗೆ ಬರುತ್ತದೆ, ಒಳ ಅಳತೆ ಮತ್ತು ಪೈಪಿನ ಉದ್ದ ವಾಪಸ್ ಹೋಗುತ್ತದೆ, ಯಾವಾಗಲೂ ಎರಡು ಸೆಂ.ಮೀ. ಜಾಸ್ತಿ ಇಟ್ಟು. ಚೀಟಿಯೇ ಇಲ್ಲದ ವೂಫರ್ ಬಂದರೆ ಅದಕ್ಕೆ ತೂತಿಲ್ಲದ ಡಬ್ಬ ಮಾಡಿಕೊಡ್ತಾರೆ. ಬೇಸ್ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಮುಚ್ಚಿದ ಡಬ್ಬದಲ್ಲಿ ಎಷ್ಟೇ ಕೆಳಗಿನ ಸ್ವರ ಬಂದರೂ ಒಳಗಿನ ಗಾಳಿ ಕೋನನ್ನು ಹಿಡಿದುಕೊಂಡೇ ಇರುತ್ತದೆ.